ಎಳೆದು ನೋಡು, ಕನ್ನಡಿ ನೋಡು: ಅಕ್ಷರಮಾಲೆಯ ಚಾರ್ಟಿನಲ್ಲಿ ಸ್ವರಗಳನ್ನೂ ವರ್ಗಗಳನ್ನೂ ಗುರುತಿಸಲು ಪುಟ್ಟ ಮಕ್ಕಳಿಗೆ ಕಲಿಸುವ ಬಗೆ

ಐದು ವರ್ಷದ ಮಗುವಿನ ಮುಂದೆ ಚಾರ್ಟ್ ಹಿಡಿದು ‘ಏ ಎಲ್ಲಿದೆ ತೋರಿಸು’ ಅಂದರೆ ಬೆರಳು ‘ಅ’ದಿಂದ ಹೊರಡುತ್ತದೆ. ಅ, ಆ, ಇ, ಈ ಎಂದು ರಾಗವಾಗಿ ಹೇಳುತ್ತಾ ಮನೆಯಿಂದ ಮನೆಗೆ ದಾಟಿ ‘ಏ’ ಬಂದ ಕಡೆ ನಿಲ್ಲುತ್ತದೆ. ಉತ್ತರ ಸರಿಯಾಗಿಯೇ ಇರುತ್ತದೆ. ಆದರೆ ಮಗು ಅಕ್ಷರವನ್ನು ಗುರುತಿಸಲಿಲ್ಲ, ಹಾಡಿನಲ್ಲಿ ಅದಿರುವ ಜಾಗವನ್ನು ಗುರುತಿಸಿತು. ಅದೇ ಮಗುವಿಗೆ ಅಕ್ಷರಗಳನ್ನು ಕಲಸಿ ಬರೆದ ಹಾಳೆ ಕೊಟ್ಟು ‘ಸ್ವರಗಳಿಗೆಲ್ಲ ಕೆಂಪು ಬಣ್ಣ ಹಾಕು’ ಅಂದರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತದೆ.

ಸ್ವರ ಯಾವುದು, ವ್ಯಂಜನ ಯಾವುದು, ಪ ವರ್ಗ ಯಾವುದು ಎನ್ನುವುದು ಮೊದಲು ಬಾಯಿಗೂ ಕಿವಿಗೂ ಸೇರಿದ ವಿಷಯ. ಕಣ್ಣಿನ ಸರದಿ ಆಮೇಲೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಬಣ್ಣ ಹಾಕುವ ಹಾಳೆ ತೀರ ಕೊನೆಗೆ ಬರುತ್ತದೆ. ನಾಲ್ಕೂವರೆಯಿಂದ ಆರು ವರ್ಷದೊಳಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ದಿನಕ್ಕೆ ಹತ್ತು ನಿಮಿಷ ಸಾಕು. ಮಗು ಆಕಳಿಸಿದರೆ ಅಲ್ಲಿಗೇ ನಿಲ್ಲಿಸಿ.

ಮೊದಲು ನಿಮ್ಮ ಚಾರ್ಟನ್ನು ನೋಡಿಕೊಳ್ಳಿ

ಅಂಗಡಿಯಲ್ಲಿ ಸಿಗುವ ಚಾರ್ಟುಗಳೆಲ್ಲ ಒಂದೇ ಥರ ಇರುವುದಿಲ್ಲ. ಈಗ ಶಾಲೆಯಲ್ಲಿ ಕಲಿಸುವ ಲೆಕ್ಕ ಹೀಗಿದೆ: ಅ ದಿಂದ ಔ ತನಕ 13 ಸ್ವರಗಳು, ಅಂ ಮತ್ತು ಅಃ ಎಂಬ 2 ಯೋಗವಾಹಗಳು, ಕ ದಿಂದ ಮ ತನಕ 25 ವರ್ಗೀಯ ವ್ಯಂಜನಗಳು, ಯ ರ ಲ ವ ಶ ಷ ಸ ಹ ಳ ಎಂಬ 9 ಅವರ್ಗೀಯ ವ್ಯಂಜನಗಳು. ಒಟ್ಟು 49. ಹಳೆಯ ಮಾದರಿಯ ಚಾರ್ಟುಗಳಲ್ಲಿ ಋ ಪಕ್ಕದಲ್ಲಿ ೠ ಇರುತ್ತದೆ. ಕೆಲವುದರಲ್ಲಿ ಅಂ, ಅಃ ಎರಡನ್ನೂ ಸ್ವರಗಳ ಬಣ್ಣದಲ್ಲೇ ಅಚ್ಚು ಹಾಕಿರುತ್ತಾರೆ. ಇನ್ನು ಕೆಲವುದರ ಕೊನೆಯಲ್ಲಿ ಕ್ಷ, ಜ್ಞ ಕಾಣಿಸುತ್ತವೆ. ಇವು ಬಿಡಿ ಅಕ್ಷರಗಳಲ್ಲ, ಒತ್ತಕ್ಷರಗಳು: ಕ್ ಮತ್ತು ಷ ಸೇರಿ ಕ್ಷ, ಜ್ ಮತ್ತು ಞ ಸೇರಿ ಜ್ಞ.

ಮಗುವಿಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ. ಬೇಡದ ಮನೆಗಳ ಮೇಲೆ ಬಿಳಿ ಕಾಗದದ ತುಂಡು ಅಂಟಿಸಿಬಿಡಿ. ಚಿತ್ರಗಳ ಮೇಲೂ ಅಂಟಿಸಿ. ‘ಎ’ ಪಕ್ಕದಲ್ಲಿ ಎತ್ತಿನ ಚಿತ್ರವಿದ್ದರೆ ಮಗುವಿಗೆ ಅದು ಹಸುವಾಗಿಯೂ ಕಾಣಬಹುದು, ಆಗ ಅದು ‘ಹ’ ಅನ್ನುತ್ತದೆ. ಚಿತ್ರ ಅಕ್ಷರದ ಪರಿಚಯಕ್ಕೆ ಒಳ್ಳೆಯದೇ, ಅಕ್ಷರಗಳನ್ನು ಗುಂಪು ಮಾಡುವ ಕೆಲಸಕ್ಕೆ ಮಾತ್ರ ಅಡ್ಡ ಬರುತ್ತದೆ.

ಚಾರ್ಟನ್ನು ಗೋಡೆಗೆ ಹಾಕಿ, ಕೆಲಸಕ್ಕೆ ಬಿಡಿ ಕಾರ್ಡುಗಳನ್ನು ಮಾಡಿಕೊಳ್ಳಿ. ಹಳೆಯ ಮದುವೆ ಕರೆಯೋಲೆಗಳ ಹಿಂಬದಿ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಅಂಗೈಯಷ್ಟು ದೊಡ್ಡದಾಗಿ ಕತ್ತರಿಸಿ, ಕಪ್ಪು ಸ್ಕೆಚ್ ಪೆನ್ನಿನಲ್ಲಿ ಒಂದಕ್ಕೆ ಒಂದೇ ಅಕ್ಷರ ಬರೆಯಿರಿ. ಎಲ್ಲದಕ್ಕೂ ಒಂದೇ ಬಣ್ಣದ ಶಾಯಿ ಇರಲಿ. ಸ್ವರ ಕೆಂಪು, ವ್ಯಂಜನ ನೀಲಿ ಎಂದು ಬರೆದಿಟ್ಟರೆ ಮಗು ಬಣ್ಣ ನೋಡಿ ವಿಂಗಡಿಸುತ್ತದೆ, ನಿಮಗೆ ಮಗು ಕಲಿತಂತೆ ಕಾಣುತ್ತದೆ.

ಮೊದಲ ವಾರ: ಎಳೆಯುವ ಆಟ

ಈ ವಾರ ಕಾರ್ಡೂ ಬೇಡ, ಚಾರ್ಟೂ ಬೇಡ. ಮಗುವಿನ ಎದುರು ಕೂತು ‘ಈ’ ಎಂದು ಉಸಿರು ಮುಗಿಯುವ ತನಕ ಎಳೆಯಿರಿ. ‘ಕೊನೆಗೆ ಏನು ಕೇಳಿಸ್ತು?’ ಎಂದು ಕೇಳಿ. ‘ಈ’ ಅನ್ನುತ್ತದೆ. ಈಗ ‘ಕ’ ಎಂದು ಹಾಗೆಯೇ ಎಳೆಯಿರಿ: ಕಆಆಆ. ‘ಈಗೇನು ಕೇಳಿಸ್ತು?’ ಮಗು ಸ್ವಲ್ಪ ಯೋಚಿಸಿ ‘ಆ’ ಅನ್ನುತ್ತದೆ. ‘ಕ ಎಲ್ಲಿ ಹೋಯ್ತು?’ ಇಷ್ಟೇ ಆಟ. ಹೊರಟಾಗ ಇದ್ದದ್ದೇ ಕೊನೆಯವರೆಗೂ ಉಳಿದರೆ ಸ್ವರ. ಮೊದಲು ಬಂದದ್ದು ಮಾಯವಾಗಿ ‘ಆ’ ಮಾತ್ರ ಉಳಿದರೆ ವ್ಯಂಜನ. ಚಾರ್ಟಿನಲ್ಲಿರುವ ಕ ಎಂದರೆ ಕ್ ಜೊತೆಗೆ ಅ ಸೇರಿದ್ದು ಎಂಬ ವ್ಯಾಕರಣವನ್ನು ಮಗು ಹೀಗೆ ಕಿವಿಯಿಂದಲೇ ತಿಳಿದುಕೊಳ್ಳುತ್ತದೆ.

ಪರೀಕ್ಷೆಯನ್ನು ಕ, ಪ, ಟ, ಬ ಇಂಥವುಗಳಿಂದ ಶುರು ಮಾಡಿ. ಮ, ಸ, ಶ ಈಗಲೇ ಬೇಡ. ‘ಮ್‌ಮ್‌ಮ್’ ಎಂದೂ ‘ಸ್‌ಸ್‌ಸ್’ ಎಂದೂ ಎಳೆಯಬಹುದಲ್ಲ! ಚುರುಕಾದ ಮಗು ಹಾಗೆಯೇ ಮಾಡಿ ‘ಮ ಕೂಡ ಸ್ವರ’ ಅನ್ನುತ್ತದೆ. ಆಗ ಬಾಯಿ ತೆರೆದು ‘ಮ’ ಎಂದು ಪೂರ್ತಿ ಹೇಳಿ, ಆಮೇಲೆ ಎಳೆಯಲು ತೋರಿಸಿಕೊಡಿ.

ಗಿಡ್ಡ ಸ್ವರಗಳಲ್ಲಿ ಒಂದು ಸಣ್ಣ ತೊಡಕಿದೆ. ‘ಇ’ ಎಳೆದರೆ ‘ಈ’ ಆಗುತ್ತದೆ, ‘ಒ’ ಎಳೆದರೆ ‘ಓ’ ಆಗುತ್ತದೆ. ಇದನ್ನು ಮುಚ್ಚಿಡಬೇಡಿ, ಹ್ರಸ್ವ ದೀರ್ಘಗಳಿಗೆ ಇದೇ ಬಾಗಿಲು. ‘ಇವರು ತಮ್ಮ, ಇವರು ಅಣ್ಣ, ತಮ್ಮ ಎಳೆದರೆ ಅಣ್ಣ ಬರ್ತಾನೆ’ ಎಂದು ಹೇಳಿದರೆ ಅ-ಆ, ಇ-ಈ, ಉ-ಊ, ಎ-ಏ, ಒ-ಓ ಐದು ಜೋಡಿಗಳೂ ಒಂದೇ ದಿನದಲ್ಲಿ ಕಟ್ಟಿಕೊಳ್ಳುತ್ತವೆ. ಐ ಮತ್ತು ಔ ಇಬ್ಬರಿಗೂ ತಮ್ಮಂದಿರಿಲ್ಲ. ಇವನ್ನು ಎಳೆದಾಗ ಕೊನೆಗೆ ಇ, ಉ ಛಾಯೆ ಕೇಳಿಸುತ್ತದೆ, ಮಗು ಗೊಂದಲಪಡುತ್ತದೆ. ಆಗ ಇನ್ನೊಂದು ಪರೀಕ್ಷೆ ಬೇಕು: ಸ್ವರ ಹೇಳುವಾಗ ತುಟಿ ತುಟಿಗೆ ತಾಗುವುದಿಲ್ಲ, ನಾಲಿಗೆ ಹಲ್ಲಿಗಾಗಲಿ ಅಂಗಳಕ್ಕಾಗಲಿ ತಾಗುವುದಿಲ್ಲ. ಔ ಹೇಳುವಾಗ ತುಟಿ ದುಂಡಗಾಗುತ್ತದೆ, ಆದರೆ ಮುಚ್ಚುವುದಿಲ್ಲ. ಕನ್ನಡಿ ಕೊಟ್ಟರೆ ಮಗುವೇ ನೋಡಿಕೊಳ್ಳುತ್ತದೆ.

ಋ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಮೊದಲ ವಾರಗಳ ಯಾವ ಅಭ್ಯಾಸದಲ್ಲೂ ಅದನ್ನು ಸೇರಿಸಬೇಡಿ. ನಾವದನ್ನು ‘ರು’ ಎಂದೇ ಹೇಳುತ್ತೇವೆ. ಎಳೆದರೆ ‘ಊ’ ಉಳಿಯುತ್ತದೆ, ನಾಲಿಗೆಯೂ ತಾಗುತ್ತದೆ. ಎರಡೂ ಪರೀಕ್ಷೆಗಳಲ್ಲಿ ಅದು ವ್ಯಂಜನದಂತೆಯೇ ಕಾಣುವಾಗ ಅದನ್ನು ವ್ಯಂಜನ ಎಂದ ಮಗುವಿನ ಕಿವಿ ಸರಿಯಾಗಿದೆ ಎಂದರ್ಥ. ಅದು ಸ್ವರಗಳ ಸಾಲಿನಲ್ಲಿರುವುದಕ್ಕೆ ಬರವಣಿಗೆಯಲ್ಲಿ ಕಾರಣ ಸಿಗುತ್ತದೆ. ಬೇರೆ ಸ್ವರಗಳ ಹಾಗೆ ಅದಕ್ಕೂ ಒಂದು ಗುಣಿತ ಚಿಹ್ನೆಯಿದೆ, ಕೃಷಿ, ಮೃಗ ಪದಗಳಲ್ಲಿ ಕಾಣುವ ವಟ್ರಸುಳಿ. ಕಾಗುಣಿತ ಕಲಿಯುವಾಗ ಈ ಕಾರಣ ತಾನಾಗಿ ತಿಳಿಯುತ್ತದೆ.

ಎರಡನೇ ವಾರ: ಎರಡು ತಟ್ಟೆ

ಈಗ ಕಾರ್ಡುಗಳನ್ನು ತೆಗೆಯಿರಿ, ಆರು ಮಾತ್ರ: ಆ, ಈ, ಊ, ಕ, ಪ, ಟ. ಎರಡು ಊಟದ ತಟ್ಟೆ ಇಡಿ. ಮಗು ಕಾರ್ಡು ಎತ್ತಿ ಹೆಸರು ಹೇಳಬೇಕು, ಎಳೆಯಬೇಕು, ತಟ್ಟೆಗೆ ಹಾಕಬೇಕು. ಈ ಮೂರೂ ಪ್ರತಿ ಸಲ ಆಗಲೇಬೇಕು. ಹೆಸರು ಹೇಳದೆ ಹಾಕಿದ ಕಾರ್ಡನ್ನು ವಾಪಸ್ ಕೊಡಿ. ಮೂರು ದಿನ ಸತತವಾಗಿ ಆರೂ ಸರಿ ಹೋದರೆ ಎರಡು ಕಾರ್ಡು ಸೇರಿಸಿ, ಒಂದು ಸ್ವರ, ಒಂದು ವ್ಯಂಜನ. ಹನ್ನೆರಡು ದಾಟಬೇಡಿ.

ಇಲ್ಲಿ ಎರಡು ತಪ್ಪು ಪದೇ ಪದೇ ಬರುತ್ತವೆ. ಎರಡಕ್ಕೂ ಮೂಲ ನಮ್ಮ ಮನೆಮಾತಿನಲ್ಲಿದೆ.

ಮೊದಲನೆಯದು ‘ಹ’. ಹಳೆ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಹಾಲು ‘ಆಲು’, ಹೂವು ‘ಊವು’. ಆ ಮಾತು ತಪ್ಪಲ್ಲ, ಅದು ಆ ಸೀಮೆಯ ಕನ್ನಡ. ಆದರೆ ಆ ಮನೆಯ ಮಗುವಿಗೆ ಹ ಮತ್ತು ಅ ಒಂದೇ ದನಿ, ಹಾಗಾಗಿ ‘ಹ’ ಕಾರ್ಡು ಸ್ವರದ ತಟ್ಟೆಗೆ ಹೋಗುತ್ತದೆ. ಎಳೆಯುವ ಆಟ ಇಲ್ಲಿ ಕೈಕೊಡುತ್ತದೆ, ಕನ್ನಡಿಯೂ ಕೈಕೊಡುತ್ತದೆ, ಏಕೆಂದರೆ ಹ ಹೇಳುವಾಗ ತುಟಿಯಾಗಲಿ ನಾಲಿಗೆಯಾಗಲಿ ಎಲ್ಲೂ ತಾಗುವುದಿಲ್ಲ. ಅಂಗೈಯನ್ನು ಬಾಯಿಯ ಹತ್ತಿರ ಹಿಡಿಸಿ. ಚಳಿಯಲ್ಲಿ ಕೈ ಬೆಚ್ಚಗೆ ಮಾಡಿಕೊಳ್ಳುವ ಹಾಗೆ ‘ಹ’ ಅನ್ನಿಸಿ. ಬೆಚ್ಚನೆ ಗಾಳಿ ಅಂಗೈಗೆ ತಾಗುತ್ತದೆ. ‘ಅ’ ಅಂದರೆ ಅಷ್ಟು ಗಾಳಿ ಬರುವುದಿಲ್ಲ. ‘ನಿಮ್ಮಜ್ಜಿ ಹೇಳೋದೂ ಸರಿ, ಓದುವಾಗ ಈ ಅಕ್ಷರಕ್ಕೆ ಗಾಳಿ ಬಿಡಬೇಕು’ ಎಂದಷ್ಟೇ ಹೇಳಿ. ‘ಆಲು ಅನ್ನಬಾರದು’ ಎಂದು ಬೈದರೆ ಮಗು ಹೆದರಿ ಅಕ್ಕಿಗೂ ‘ಹಕ್ಕಿ’ ಅನ್ನಲು ಶುರು ಮಾಡುತ್ತದೆ. ಆ ಗಂಟು ಬಿಡಿಸುವುದು ಇನ್ನೂ ಕಷ್ಟ.

ಎರಡನೆಯದು ಎ ಮತ್ತು ಒ. ಎಲೆ ಎನ್ನುವಾಗ ‘ಯೆಲೆ’, ಒಂದು ಎನ್ನುವಾಗ ‘ವೊಂದು’ ಎಂದು ನಮ್ಮಲ್ಲಿ ಬಹಳ ಮಂದಿ ಹೇಳುತ್ತೇವೆ. ಮಗು ‘ವೊ’ ಎಂದು ಕೇಳಿಸಿಕೊಂಡು ಅದನ್ನು ವ್ಯಂಜನದ ತಟ್ಟೆಗೆ ಹಾಕಿದರೆ, ತಿದ್ದಿಕೊಳ್ಳಬೇಕಾದವರು ಹೇಳಿಕೊಡುವವರು. ಮೊದಲು ನೀವೇ ಕನ್ನಡಿಯ ಮುಂದೆ ತುಟಿ ದುಂಡಗೆ ಇಟ್ಟುಕೊಂಡು, ಆಮೇಲೆ ದನಿ ಬಿಟ್ಟು ‘ಒ’ ಹೇಳಿ ನೋಡಿ.

ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ ಹೊರದೇಶದಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೂ ಇನ್ನೊಂದು ತೊಂದರೆ ಇದೆ. ಅಲ್ಲಿ ಸ್ವರಗಳು ಐದೇ ಅಕ್ಷರ ಎಂದು ಕಲಿಸಿರುತ್ತಾರೆ, ಅವುಗಳಲ್ಲಿ ಒಂದರ ಹೆಸರು ನಮ್ಮ ‘ಐ’ಯಂತೆ, ಇನ್ನೊಂದರ ಹೆಸರು ನಮ್ಮ ‘ಈ’ಯಂತೆ ಕೇಳುತ್ತದೆ. ಎರಡು ಭಾಷೆಯ ಸ್ವರಗಳನ್ನು ಒಂದೇ ದಿನ ಹೇಳಿಕೊಡದಿದ್ದರೆ ಸಾಕು.

ವರ್ಗಗಳು: ಕ ದಿಂದಲ್ಲ, ಪ ದಿಂದ ಶುರು ಮಾಡಿ

ಚಾರ್ಟಿನ 25 ಅಕ್ಷರಗಳ ಐದು ಸಾಲುಗಳು ಬಾಯಿಯೊಳಗಿನ ಒಂದು ದಾರಿ. ಮೇಲಿನ ಸಾಲು ಕ ಗಂಟಲ ಹತ್ತಿರ ಹುಟ್ಟುತ್ತದೆ, ಚ ತಾಲುವಿನಲ್ಲಿ, ಟ ನಾಲಿಗೆ ಮೇಲಕ್ಕೆ ಮಡಚಿದಾಗ, ತ ಹಲ್ಲಿನ ಹಿಂದೆ, ಪ ತುಟಿಯಲ್ಲಿ. ಒಳಗಿನಿಂದ ಹೊರಕ್ಕೆ ಬರುವ ಈ ಕ್ರಮ ತುಂಬ ಚೆಂದ. ಆದರೆ ಮಗುವಿಗೆ ಗಂಟಲು ಕಾಣುವುದಿಲ್ಲ, ತುಟಿ ಕಾಣುತ್ತದೆ. ಹಾಗಾಗಿ ಕಲಿಸುವಾಗ ಈ ದಾರಿಯನ್ನು ತಿರುಗಿಸಿ ನಡೆಯಬೇಕು. ಅಕ್ಷರ ಕಲಿಸಲು ಅಕ್ಷರಮಾಲೆಯ ಕ್ರಮವನ್ನೇ ಹಿಡಿಯಬೇಕೆಂದೇನೂ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಓದಿಸುವುದೂ ‘ಅ ಆ ಇ ಈ’ ಇಂದಲ್ಲ, ‘ರ ಗ ಸ ದ ಅ’ ಇಂದ.

ಕನ್ನಡಿ ಕೊಡಿ. ಪ, ಬ, ಮ ಹೇಳಿಸಿ. ಮೂರಕ್ಕೂ ತುಟಿ ಪೂರ್ತಿ ಮುಚ್ಚಿ ತೆರೆಯುತ್ತದೆ. ಅದು ‘ತುಟಿ ಮನೆ’. ಈಗ ಐದಾರು ಕಾರ್ಡು ಬೆರೆಸಿ ಕೊಡಿ: ಪ, ಗ, ಬ, ತ, ಮ. ತುಟಿ ಮುಚ್ಚಿದವನ್ನು ಆರಿಸಲಿ. ಇಲ್ಲಿ ‘ಫ’ ತರಲೇಬೇಡಿ. ಫ್ಯಾನು, ಫೋನು ಕೇಳಿ ಬೆಳೆದ ಮಗು ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಿ ಅದನ್ನು ಹೇಳುತ್ತದೆ. ತುಟಿ ಮುಚ್ಚುವುದೇ ಇಲ್ಲ, ತನ್ನ ಮನೆಗೇ ಸೇರುವುದಿಲ್ಲ. ‘ವ’ ಏಕೆ ಈ ಮನೆಯಲ್ಲಿಲ್ಲ ಎಂದು ಮಗು ಕೇಳಬಹುದು. ಕನ್ನಡಿಯಲ್ಲೇ ತೋರಿಸಿ: ವ ಹೇಳುವಾಗ ಹಲ್ಲು ಕೆಳತುಟಿಗೆ ಮೆಲ್ಲಗೆ ತಾಗುತ್ತದೆ ಅಷ್ಟೇ, ಬಾಗಿಲು ಮುಚ್ಚುವುದಿಲ್ಲ.

ಎರಡನೆಯದಾಗಿ ಕ ವರ್ಗ, ಏಕೆಂದರೆ ಅದು ಪ ದಿಂದ ಅತ್ಯಂತ ದೂರ. ನಾಲಿಗೆಯ ತುದಿಯನ್ನು ಕೆಳಗಿನ ಹಲ್ಲಿನ ಹಿಂದೆ ಒತ್ತಿಟ್ಟುಕೊಂಡು ‘ಕ, ಗ’ ಹೇಳಲು ಹೇಳಿ. ಬರುತ್ತದೆ. ಹಾಗೇ ಇಟ್ಟುಕೊಂಡು ‘ಟ’ ಹೇಳಲಾಗುವುದಿಲ್ಲ. ಮಕ್ಕಳಿಗೆ ಇದು ಮಂತ್ರದ ಹಾಗೆ ಕಾಣುತ್ತದೆ, ಹತ್ತು ಸಲ ಮಾಡುತ್ತಾರೆ. ಕಾಗೆಗೆ ‘ತಾಗೆ’ ಅನ್ನುವ ಮಗು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಎಳೆಯ ಮಕ್ಕಳಲ್ಲಿ ಇದು ಸಾಮಾನ್ಯ. ಐದು ದಾಟಿದರೂ ಕ, ಗ ಎಲ್ಲ ಪದಗಳಲ್ಲೂ ತ, ದ ಆಗಿಯೇ ಉಳಿದಿದ್ದರೆ ಹಾಳೆಯ ಅಭ್ಯಾಸ ನಿಲ್ಲಿಸಿ ಕಿವಿ, ಮಾತು ಎರಡನ್ನೂ ತಜ್ಞರಿಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥ ಕೆಲಸಕ್ಕೆ.

ತ ಮತ್ತು ಟ ಅತಿ ಕಷ್ಟದ ಜೋಡಿ. ಪದ ಕೊಟ್ಟೇ ಬೇರ್ಪಡಿಸಬೇಕು. ನಿಮ್ಮ ಕುತ್ತಿಗೆ ಮುಟ್ಟಿ ‘ಕತ್ತು’ ಅನ್ನಿ, ದಾರಕ್ಕೆ ಗಂಟು ಹಾಕಿ ‘ಕಟ್ಟು’ ಅನ್ನಿ. ಒಂದಕ್ಕೆ ನಾಲಿಗೆ ಹಲ್ಲಿಗೆ ತಾಗುತ್ತದೆ, ಇನ್ನೊಂದಕ್ಕೆ ಮೇಲಕ್ಕೆ ಮಡಚುತ್ತದೆ. ಚ ವರ್ಗವನ್ನು ಕೊನೆಗೆ ಇಟ್ಟುಕೊಳ್ಳಿ, ಉಳಿದ ನಾಲ್ಕು ಗೊತ್ತಾದ ಮೇಲೆ ಅದು ತಾನಾಗಿ ಬೇರೆಯಾಗುತ್ತದೆ.

ಪ್ರತಿ ಸಾಲಿನಿಂದ ಮೊದಲ ಮತ್ತು ಮೂರನೇ ಅಕ್ಷರ ಸಾಕು: ಕ-ಗ, ಚ-ಜ, ಟ-ಡ, ತ-ದ, ಪ-ಬ. ಇವು ಗಟ್ಟಿಯಾದ ಮೇಲೆ ಮೂಗಿನವು. ‘ಮ’ ಹೇಳುವಾಗ ಮಗುವಿನ ಮೂಗು ಮೆಲ್ಲಗೆ ಹಿಡಿಯಿರಿ, ಅದು ‘ಬ’ದ ಹಾಗೆ ಕೇಳುತ್ತದೆ. ಸಾಲಿನ ಕೊನೆಯ ಮನೆಯವರೆಲ್ಲ ಮೂಗಿನಿಂದ ಮಾತಾಡುವವರು ಎಂಬುದು ಒಂದೇ ನಗೆಯಲ್ಲಿ ತಿಳಿಯುತ್ತದೆ. ಙ, ಞ, ಣ ಗಳಿಂದ ಶುರುವಾಗುವ ಪದ ಮಗುವಿನ ಮಾತಿನಲ್ಲಿ ಇಲ್ಲ. ಆದರೆ ದನಿ ಇದೆ: ಅಂಗಿ, ಅಂಚೆ, ಅಂಟು, ಅಂದ, ಅಂಬೆ ಎಂದು ನಿಧಾನವಾಗಿ ಹೇಳಿ ನೋಡಿ. ಬರೆಯುವುದು ಒಂದೇ ಸೊನ್ನೆ. ಅದು ಮುಂದಿನ ಅಕ್ಷರದ ಮನೆಗೆ ಹೋಗಿ ಐದು ಬೇರೆ ಬೇರೆ ಮೂಗಿನ ದನಿಯಾಗುತ್ತದೆ. ಅಂಗಿಯಲ್ಲಿರುವುದೇ ಙ, ಅಂಚೆಯಲ್ಲಿರುವುದೇ ಞ.

ಮಹಾಪ್ರಾಣಗಳನ್ನು ಒಂದನೇ ತರಗತಿಗೆ ಬಿಡಿ ಎಂಬುದು ನನ್ನ ಸಲಹೆ. ಮನೆಮಾತಿನಲ್ಲಿ ಅವು ಅಷ್ಟಾಗಿ ಕೇಳಿಸುವುದಿಲ್ಲ. ಶಾಲೆಯ ಹಾಳೆಯಲ್ಲಿ ಬಂದೇ ಬಂದರೆ ಕಣ್ಣಿಗೆ ಸಿಗುವ ಸುಳಿವು ಕೊಡಿ: ಛ, ಢ, ಧ, ಫ, ಭ ಗಳ ಕೆಳಗೆ ಒಂದು ಪುಟ್ಟ ಸೀಳುಗೆರೆ ಇರುತ್ತದೆ. ಆದರೆ ಖ, ಝ, ಠ ಗಳಿಗೆ ಅದಿಲ್ಲ, ಅವನ್ನು ಬಿಡಿಬಿಡಿಯಾಗಿಯೇ ಕಲಿಯಬೇಕು. ಯ ದಿಂದ ಳ ತನಕದ ಒಂಬತ್ತಕ್ಕೆ ಸದ್ಯ ಒಂದು ಬೇರೆ ಡಬ್ಬಿ ಸಾಕು.

ಹಾಳೆ ಕೊಡುವುದು, ಹಾಳೆ ಓದುವುದು

ನಾಲ್ಕನೇ ವಾರದಲ್ಲಿ ಹಾಳೆ. ನಾನು ಕೊಟ್ಟ ಒಂದು ಹಾಳೆಯನ್ನೇ ಬಿಡಿಸಿ ಹೇಳುತ್ತೇನೆ. ಹನ್ನೆರಡು ಮನೆ:

ಈ ಕ ಮ ಒ
ಹ ಪ ಅ ಐ
ಗ ಬ ಉ ಋ

ಎರಡು ಕೆಲಸ. ಸ್ವರಗಳಿಗೆ ಕೆಂಪು ಬಣ್ಣ, ತುಟಿ ಮನೆಯ ಅಕ್ಷರಗಳ ಸುತ್ತ ಹಸಿರು ವೃತ್ತ. ಋ ಬೇಡ ಎಂದು ಮೇಲೆ ಹೇಳಿದವಳು ಆ ದಿನ ಶಾಲೆಯ ಮಾದರಿಯಲ್ಲಿದೆ ಎಂದು ಸೇರಿಸಿದ್ದೆ. ಐದು ವರ್ಷದ ಒಬ್ಬ ಹುಡುಗಿ ಈ, ಅ, ಐ, ಉ, ಹ ಐದಕ್ಕೆ ಕೆಂಪು ಹಾಕಿದಳು. ಒ, ಋ ಬಿಟ್ಟಳು. ಹಸಿರು ವೃತ್ತ ಪ, ಬ ಎರಡಕ್ಕೆ ಮಾತ್ರ, ಮ ಬಿಟ್ಟಳು.

ನಾಲ್ಕು ತಪ್ಪು ಎಂದು ಗುರುತು ಹಾಕಿ ಮುಗಿಸಬಹುದಿತ್ತು. ಅದರ ಬದಲು ಒಂದೊಂದನ್ನೂ ಮುಟ್ಟಿ ‘ಇದರ ಹೆಸರೇನಮ್ಮ?’ ಎಂದೆ. ‘ಹ’ಕ್ಕೆ ‘ಅ, ಮಿಸ್’ ಅಂದಳು. ‘ಒ’ಕ್ಕೆ ‘ವೊ’ ಅಂದಳು. ‘ಋ’ಗೆ ‘ರು’. ‘ಮ’ಕ್ಕೆ ಮಾತ್ರ ನಾನು ಎಣಿಸದ ಉತ್ತರ ಬಂತು: ‘ಯ’. ಅಂದರೆ ತುಟಿ ಮನೆ ಅವಳಿಗೆ ಸರಿಯಾಗಿಯೇ ಗೊತ್ತಿತ್ತು, ಅಕ್ಷರದ ಆಕಾರ ಕಣ್ಣು ತಪ್ಪಿಸಿತ್ತು.

ನಾಲ್ಕು ತಪ್ಪಿಗೆ ಮೂರು ಬೇರೆ ಬೇರೆ ಮದ್ದು ಬೇಕಾಯಿತು. ಹ ಮತ್ತು ಒ ಉಚ್ಚಾರಣೆಯ ತಪ್ಪುಗಳು. ಅವಕ್ಕೆ ಹಾಳೆ ಮುಚ್ಚಿಟ್ಟು ಅಂಗೈ ಮತ್ತು ಕನ್ನಡಿಗೆ ಮರಳಿದೆವು, ನಾಲ್ಕು ದಿನ. ಮ ಮತ್ತು ಯ ಕಣ್ಣಿನ ತಪ್ಪು. ‘ಮ’ದ ಬಲಭಾಗವನ್ನು ಬೆರಳಿನಿಂದ ಮುಚ್ಚಿದರೆ ಒಳಗೆ ‘ವ’ ಕೂತಿರುವುದು ಕಾಣುತ್ತದೆ, ‘ಯ’ದಲ್ಲಿ ಹಾಗೆ ಕಾಣುವುದಿಲ್ಲ. ಅವಳೇ ಮುಚ್ಚಿ ತೆಗೆದು ನಾಲ್ಕೈದು ಸಲ ನೋಡಿದಳು. ಪಕ್ಕದಲ್ಲಿ ಮ, ಯ, ವ ಬೆರೆಸಿದ ಎರಡು ಸಾಲು ಬರೆದು ‘ಮ’ಕ್ಕೆ ಮಾತ್ರ ಚುಕ್ಕೆ ಇಡಿಸಿದೆ. ಅದರಲ್ಲಿ ಬಾಯಿಯ ಕೆಲಸವೇ ಇರಲಿಲ್ಲ. ಋ ಅವಳ ತಪ್ಪಲ್ಲ, ನನ್ನದು. ಅದನ್ನು ಹಾಳೆಯಿಂದ ತೆಗೆದು ಆ ಮನೆಯಲ್ಲಿ ‘ಆ’ ಬರೆದೆ.

ಒಂದು ವಾರ ಬಿಟ್ಟು ಅದೇ ಅಕ್ಷರಗಳನ್ನು ಬೇರೆ ಕ್ರಮದಲ್ಲಿ ಕೊಟ್ಟೆ. ಅದೇ ಹಾಳೆ ಕೊಟ್ಟಿದ್ದರೆ ಮೂಲೆಯ ಮನೆ ನೆನಪಿಟ್ಟುಕೊಂಡು ಬಣ್ಣ ಹಾಕಿಬಿಡುತ್ತಿದ್ದಳು. ಈ ಸಲ ಒ ಕೆಂಪಾಯಿತು, ಮ ದ ಸುತ್ತ ವೃತ್ತ ಬಂತು. ‘ಹ’ದ ಹತ್ತಿರ ಬಂದಾಗ ಪೆನ್ಸಿಲ್ ಕೆಳಗಿಟ್ಟು, ಅಂಗೈಯನ್ನು ಬಾಯಿಗೆ ಹಿಡಿದು ಎರಡು ಸಲ ಊದಿ ನೋಡಿ, ಬಣ್ಣ ಹಾಕದೆ ಮುಂದಿನ ಮನೆಗೆ ಹೋದಳು.